ತಲೆ ಕೊಡುವ ಮುನ್ನ: ಸಲೂನನ್ನು ಅಳೆಯುವುದು ಹೇಗೆ, ಮೊದಲ ಮಾತುಕತೆಯಲ್ಲಿ ಕೇಳಬೇಕಾದ್ದೇನು

ಸಲೂನಿನ ಕನ್ನಡಿ, ಕುರ್ಚಿ, ಗೋಡೆಯ ಚಿತ್ರಗಳನ್ನು ನೋಡಿ ಕೆಲಸದ ಗುಣ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎರಡು ಕಡೆ. ಒಬ್ಬ ಗಿರಾಕಿ ಎದ್ದು ಇನ್ನೊಬ್ಬರು ಕೂರುವ ನಡುವಿನ ಕೆಲವು ನಿಮಿಷಗಳಲ್ಲಿ ಅಲ್ಲಿ ಏನು ನಡೆಯುತ್ತದೆ ಎಂಬುದು ಒಂದು. ನಿಮ್ಮ ಕೂದಲಿಗೆ ಕೈ ಹಾಕುವ ಮೊದಲು ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದು ಇನ್ನೊಂದು. ಈ ಎರಡನ್ನೂ ನೋಡಲು ಕೆಲಸ ಮಾಡಿಸಿಕೊಳ್ಳಬೇಕಾಗಿಲ್ಲ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋದರೆ ಸಾಕು. ಜನ ಇರುವ ಹೊತ್ತಿನಲ್ಲೇ ಹೋಗಿ. ಖಾಲಿ ಅಂಗಡಿ ಯಾವಾಗಲೂ ಚೊಕ್ಕಟವಾಗಿಯೇ ಇರುತ್ತದೆ.

ಮೊದಲ ಹೆಜ್ಜೆ: ಇಬ್ಬರು ಗಿರಾಕಿಗಳ ನಡುವಿನ ಹೊತ್ತನ್ನು ನೋಡಿ

ಮೊದಲು ಬಾಚಣಿಗೆಗಳನ್ನು ಎಣಿಸಿ. ತಮಾಷೆ ಎನಿಸಬಹುದು, ಆದರೆ ಲೆಕ್ಕ ಸರಳ. ಬಾಚಣಿಗೆ, ಕತ್ತರಿಗಳನ್ನು ಅದ್ದಿಡುವ ಸೋಂಕುನಾಶಕ ದ್ರಾವಣ, ಅಂದರೆ ಗಾಜಿನ ಜಾಡಿಯಲ್ಲಿ ಕಾಣುವ ಆ ನೀಲಿ ನೀರು, ಕೆಲಸ ಮಾಡಲು ಸಾಮಾನ್ಯವಾಗಿ 10 ನಿಮಿಷ ಬೇಕು. ಸರಿಯಾದ ಅವಧಿ ಬಾಟಲಿಯ ಮೇಲೆ ಬರೆದಿರುತ್ತದೆ. ಒಬ್ಬರ ಬಳಿ ಒಂದೇ ಬಾಚಣಿಗೆ ಇದ್ದು, ಗಿರಾಕಿ ಎದ್ದ ಎರಡೇ ನಿಮಿಷಕ್ಕೆ ಮುಂದಿನವರ ತಲೆಗೆ ಅದೇ ಬಂದರೆ, ಜಾಡಿ ಬರೀ ಅಲಂಕಾರಕ್ಕೆ ಇದೆ ಎಂದರ್ಥ. ಒಂದು ಕೈಯಲ್ಲಿ, ಒಂದು ಜಾಡಿಯಲ್ಲಿ, ಒಂದು ಒಣಗಿಸಿ ಮುಚ್ಚಿಟ್ಟದ್ದು ಎಂದು ಕನಿಷ್ಠ ಮೂರಾದರೂ ಇರಬೇಕು.

ಆ ಜಾಡಿಯನ್ನೂ ಹತ್ತಿರದಿಂದ ನೋಡಿ. ನೀರು ತಿಳಿಯಾಗಿರಬೇಕು, ಬಾಚಣಿಗೆ ಹಿಡಿಯವರೆಗೂ ಮುಳುಗಿರಬೇಕು. ದ್ರಾವಣ ಕಲಕಿ ಮಸುಕಾಗಿದ್ದರೆ, ತಳದಲ್ಲಿ ಕೂದಲು ಕೂತಿದ್ದರೆ ಅದು ಸತ್ತ ನೀರು. ಕೂದಲು, ಎಣ್ಣೆ, ಸತ್ತ ಚರ್ಮ ಸೇರಿದಷ್ಟೂ ಸೋಂಕುನಾಶಕದ ಶಕ್ತಿ ಅವುಗಳ ಮೇಲೆಯೇ ಖರ್ಚಾಗಿ ಹೋಗುತ್ತದೆ. ಆದ್ದರಿಂದಲೇ ಮೊದಲು ಸೋಪಿನ ನೀರಿನಲ್ಲಿ ತೊಳೆದು ಆಮೇಲೆ ಅದ್ದಬೇಕು, ದ್ರಾವಣವನ್ನು ದಿನಕ್ಕೊಮ್ಮೆಯಾದರೂ ಬದಲಿಸಬೇಕು. "ಇದನ್ನು ಯಾವಾಗ ಬದಲಿಸಿದಿರಿ?" ಎಂದು ಕೇಳಿ. ಸರಿಯಾದ ಅಂಗಡಿಯವರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ನೇರಳೆ ಬೆಳಕಿನ ಪೆಟ್ಟಿಗೆಯನ್ನು ತೋರಿಸಿ "ನಮ್ಮಲ್ಲಿ ಯುವಿ ಇದೆ" ಎನ್ನುವವರು ಉಂಟು. ಬೆಳಕು ತಾಗಿದ ಮೇಲ್ಮೈಯಲ್ಲಷ್ಟೇ ಅದರ ಕೆಲಸ. ಬಾಚಣಿಗೆಯ ಹಲ್ಲುಗಳ ಸಂದಿಗೆ, ಕತ್ತರಿಯ ಮಡಿಕೆಗೆ ಅದು ತಲುಪುವುದಿಲ್ಲ. ಶುಚಿ ಮಾಡಿ ಮುಗಿದ ಸಾಮಾನು ಇಡಲು ಆ ಪೆಟ್ಟಿಗೆ ಸರಿ, ಶುಚಿ ಮಾಡಲು ಅಲ್ಲ.

ಕ್ಲಿಪರ್, ಟ್ರಿಮ್ಮರ್‌ಗಳನ್ನು ನೀರಿನಲ್ಲಿ ಅದ್ದಲಾಗದು. ಬ್ರಷ್‌ನಿಂದ ಕೂದಲು ತೆಗೆದು, ಬ್ಲೇಡಿಗೆ ಸೋಂಕುನಾಶಕ ಸಿಂಪಡಿಸಿ, ಲೇಬಲ್ ಹೇಳಿದಷ್ಟು ಹೊತ್ತು ಹಸಿಯಾಗಿ ಬಿಟ್ಟು, ಒರೆಸಿ, ಒಂದೆರಡು ಹನಿ ಎಣ್ಣೆ ಬಿಡುವುದು ಕ್ರಮ. ಬಾಯಿಂದ ಉಫ್ ಎಂದು ಊದಿ ಮುಂದಿನವರ ಕತ್ತಿಗೆ ಹಿಡಿಯುವುದನ್ನು ಕಂಡರೆ ಅಲ್ಲಿಂದ ಏಳಬಹುದು. ತಲೆಯ ಹುಳಕಡ್ಡಿ ಹರಡಲು ಇಂಥ ಬ್ಲೇಡುಗಳು ಸುಲಭದ ದಾರಿ. ಎಣ್ಣೆ ಬಿಡುವುದನ್ನು ಮರೆತವರ ಕ್ಲಿಪರ್ ಬಿಸಿಯಾಗುತ್ತದೆ, ಕೂದಲನ್ನು ಕತ್ತರಿಸುವ ಬದಲು ಹಿಡಿದು ಎಳೆಯುತ್ತದೆ. ಪಕ್ಕದ ಕುರ್ಚಿಯವರು ಮತ್ತೆ ಮತ್ತೆ ಕತ್ತು ಹಿಂದೆಳೆದುಕೊಳ್ಳುತ್ತಿದ್ದರೆ ಕಾರಣ ಇದೇ ಇರಬಹುದು.

ಗಡ್ಡ ಅಥವಾ ಕತ್ತಿನ ಅಂಚಿಗೆ ರೇಜರ್ ಬಳಸುವುದಾದರೆ ಇಲ್ಲಿ ರಿಯಾಯಿತಿ ಬೇಡ. ಹೊಸ ಬ್ಲೇಡಿನ ಕಾಗದ ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಇಡೀ ಬ್ಲೇಡನ್ನು ಎರಡು ತುಂಡು ಮಾಡಿ ಅರ್ಧ ಹಾಕುವುದು ಹಲವರ ಪದ್ಧತಿ. ಹೊಸ ಕಾಗದದೊಳಗೇ ಮುರಿದು ಹಾಕಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಮೇಜಿನ ಮೇಲೆ ಮೊದಲೇ ಬಿದ್ದಿರುವ ಅರ್ಧ ತುಂಡು ಹೊಸದೋ ಹಳೆಯದೋ ಹೇಳಲು ಯಾರಿಂದಲೂ ಆಗದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ಹರಡುವ ಸ್ಥಿತಿಯಲ್ಲಿ ಉಳಿಯಬಲ್ಲದು, ರಕ್ತ ಕಣ್ಣಿಗೆ ಕಾಣದಿದ್ದರೂ ಸರಿ. ಬಳಸಿದ ಬ್ಲೇಡು ಗಟ್ಟಿ ಗೋಡೆಯ ಮುಚ್ಚಿದ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ.

ಬ್ಲೇಡು ಹೊಸದಾಗಿದ್ದೂ ಎಡವುವ ಜಾಗ ಒಂದಿದೆ: ಪಟಿಕದ ಗಟ್ಟಿ. ಗಾಯವಾದ ಕಡೆ ಉಜ್ಜುವ ಆ ಬಿಳಿ ಕಲ್ಲು ಎಲ್ಲರ ಗಾಯಕ್ಕೂ ಅದೇ ಆಗಿದ್ದರೆ ಹೊಸ ಬ್ಲೇಡಿನಿಂದ ಬಂದ ಲಾಭ ಅಲ್ಲಿಗೇ ಮುಗಿಯಿತು. ಪಟಿಕದ ಪುಡಿಯನ್ನೋ ದ್ರವವನ್ನೋ ಶುಭ್ರ ಹತ್ತಿಯಿಂದ ಹಚ್ಚಿ ಹತ್ತಿಯನ್ನು ಎಸೆಯಬೇಕು. ಹಾಗೆಯೇ ಕೊರಳಿಗೆ ಕಟ್ಟುವ ಬಟ್ಟೆ ನೇರವಾಗಿ ಚರ್ಮಕ್ಕೆ ತಾಗಬಾರದು. ನಡುವೆ ಕಾಗದದ ಪಟ್ಟಿಯೋ ಒಗೆದ ಟವೆಲೋ ಇರಬೇಕು.

ಎರಡನೆಯ ಹೆಜ್ಜೆ: ಕತ್ತರಿಸುವ ಮಾತು ಮಾತ್ರವಿದ್ದರೆ

ಬರೀ ಹೇರ್‌ಕಟ್‌ಗೆ ಉದ್ದ ಮಾತುಕತೆ ಬೇಕಿಲ್ಲ, ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷ ಕೂದಲು ಒಣಗಿರುವಾಗಲೇ, ನೀರು ಹಾಕುವ ಮೊದಲೇ ನಡೆಯಬೇಕು. ಒದ್ದೆ ಕೂದಲು ಜಗ್ಗಿ ಉದ್ದ ಕಾಣುತ್ತದೆ. ಗುಂಗುರು ಕೂದಲಂತೂ ಒಣಗಿದಾಗ ಗಣನೀಯವಾಗಿ ಮೇಲೇರುತ್ತದೆ. ಒದ್ದೆಯಲ್ಲಿ ಭುಜಕ್ಕೆ ಮುಟ್ಟಿದ್ದು ಮನೆಗೆ ಹೋಗುವಷ್ಟರಲ್ಲಿ ಗಲ್ಲದ ಹತ್ತಿರ ಬಂದು ನಿಲ್ಲುವುದು ಹೀಗೆ.

"ಸ್ವಲ್ಪ ಕಡಿಮೆ ಮಾಡಿ" ಎಂಬ ಮಾತಿಗೆ ಅಳತೆಯಿಲ್ಲ. ಎಲ್ಲಿಗೆ ಬರಬೇಕೆಂದು ಬೆರಳಿಟ್ಟು ತೋರಿಸಿ, ಅವರೂ ಬೆರಳಿಟ್ಟು ತೋರಿಸಲಿ. ಕ್ಲಿಪರ್ ಕೆಲಸಕ್ಕೆ "ಎರಡನೇ ನಂಬರ್" ಎನ್ನುವುದಕ್ಕಿಂತ ಮಿಲಿಮೀಟರ್‌ನಲ್ಲಿ ಮಾತಾಡಿ. ಸಾಮಾನ್ಯವಾಗಿ ಕ್ಲಿಪರಿನ ಬಾಯಿಗೆ ಸಿಕ್ಕಿಸುವ 1ನೇ ಗಾರ್ಡ್ 3 ಮಿಮೀ, 2ನೆಯದು 6 ಮಿಮೀ, 4ನೆಯದು ಸುಮಾರು 13 ಮಿಮೀ ಕೂದಲು ಬಿಡುತ್ತದೆ. ಆದರೆ ಎಲ್ಲ ಕಂಪನಿಯ ಗಾರ್ಡ್ ಒಂದೇ ಅಳತೆಯದಲ್ಲ. ಅನುಮಾನವಿದ್ದರೆ ದೊಡ್ಡ ಗಾರ್ಡಿನಿಂದ ಶುರು ಮಾಡಲು ಹೇಳಿ.

ಇಲ್ಲಿ ಕೇಳಬೇಕಾದ ಒಳ್ಳೆಯ ಪ್ರಶ್ನೆ ಒಂದೇ: "ನನ್ನ ಕೂದಲು ಯಾವ ಕಡೆ ಬೆಳೆಯುತ್ತಿದೆ? ಈ ಚಿತ್ರದಲ್ಲಿ ಇರುವ ಹಾಗೆ ಕೂರುತ್ತದೆಯೇ?" ಉತ್ತರ ಕೊಡುವ ಮೊದಲು ಅವರು ನಿಮ್ಮ ನೆತ್ತಿಯ ಸುಳಿ ಹುಡುಕಬೇಕು, ಹಿಂಗತ್ತಿನ ಅಂಚನ್ನು ಬೆರಳಿಂದ ಎತ್ತಿ ನೋಡಬೇಕು. ಸುಳಿಯ ಮೇಲೆ ಕೂದಲನ್ನು ತೀರಾ ಚಿಕ್ಕದು ಮಾಡಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ತುಸು ಉದ್ದ ಬಿಡಬೇಕೆಂದು ಅವರಾಗಿಯೇ ಹೇಳಿದರೆ ನೀವು ಸರಿಯಾದ ಕುರ್ಚಿಯಲ್ಲಿ ಕೂತಿದ್ದೀರಿ. ಚಿತ್ರ ನೋಡಿದ ತಕ್ಷಣ "ಆಗುತ್ತೆ ಬಿಡಿ" ಎಂದವರು ನಿಮ್ಮ ತಲೆಯನ್ನು ಇನ್ನೂ ನೋಡಿಲ್ಲ.

ಮೂರನೆಯ ಹೆಜ್ಜೆ: ಬಣ್ಣದ ಮಾತುಕತೆ

ಕೂದಲು ಕತ್ತರಿಸುವುದು ಕೆಟ್ಟರೆ ಮತ್ತೆ ಬೆಳೆಯುತ್ತದೆ. ರಾಸಾಯನಿಕ ಕೆಲಸ ಕೆಟ್ಟರೆ ಕೂದಲು ಮುರಿಯುತ್ತದೆ, ಚರ್ಮ ಸುಡುತ್ತದೆ. ಹಾಗಾಗಿ ಸಲೂನಿನ ನಿಜವಾದ ಪರೀಕ್ಷೆ ಇಲ್ಲೇ. ಮೇಲಿಂದ ಮೇಲೆ ಬರುವ, ಅತಿ ಹೆಚ್ಚು ಕೆಡುವ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ.

ಕೂದಲ ಉದ್ದ 45 ಸೆಂಮೀ. ಮೂರು ವರ್ಷದಿಂದ ಎರಡು ತಿಂಗಳಿಗೊಮ್ಮೆ ಮನೆಯಲ್ಲೇ ಕಪ್ಪು ಡೈ, ಪ್ರತಿ ಸಲವೂ ಬುಡದಿಂದ ತುದಿವರೆಗೆ. ಒಂದು ವರ್ಷದ ಹಿಂದೆ ಒಮ್ಮೆ, ಒಳಗೇನಿದೆ ಎಂದು ಬರೆದಿರದ ಪೊಟ್ಟಣದ ಮೆಹಂದಿ. ಕಳೆದ ನಾಲ್ಕು ತಿಂಗಳಿಂದ ಏನೂ ಹಚ್ಚಿಲ್ಲ. ಈಗ ಜೇನುಕಂದು ಬಣ್ಣ ಬೇಕು.

ಬಲ್ಲವರು ಮೊದಲು ಮಾಡುವುದು ಲೆಕ್ಕ. ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಮೀ ಬೆಳೆಯುತ್ತದೆ. ಅಂದರೆ ಬುಡದ 5 ಸೆಂಮೀ ಮಾತ್ರ ಹುಟ್ಟುಗೂದಲು. ಬುಡದಿಂದ ಸುಮಾರು 15 ಸೆಂಮೀ ದಾಟಿದ ಮೇಲಿನದ್ದೆಲ್ಲ ಆ ಮೆಹಂದಿಯನ್ನು ಕಂಡಿದೆ. ತುದಿಯ ವಯಸ್ಸು ಮೂರು ವರ್ಷ, ಅದರ ಮೇಲೆ ಹದಿನಾರು ಪದರದಷ್ಟು ಡೈ ಕೂತಿದೆ. ಒಂದೇ ಕೂದಲೆಳೆಯಲ್ಲಿ ಮೂರು ಬಗೆಯ ಕೂದಲು. ಮೂರೂ ಒಂದೇ ರೀತಿ ವರ್ತಿಸುವುದಿಲ್ಲ.

ಆದ್ದರಿಂದ ಅವರು ನಿಮ್ಮನ್ನು ಕೇಳಲೇಬೇಕಾದ ಪ್ರಶ್ನೆ: "ಕಳೆದ ಮೂರ್ನಾಲ್ಕು ವರ್ಷದಲ್ಲಿ ಈ ಕೂದಲಿಗೆ ಏನೇನು ಹಚ್ಚಿದ್ದೀರಿ?" "ಇತ್ತೀಚೆಗೆ ಬಣ್ಣ ಹಾಕಿದ್ರಾ?" ಎಂದಷ್ಟೇ ಕೇಳಿದರೆ ಸಾಲದು, ಕೂದಲು ಇರುವಷ್ಟು ಉದ್ದದ ಇತಿಹಾಸ ಬೇಕು. ನೇರ ಮಾಡಿಸಿದ್ದು, ಗುಂಗುರು ಮಾಡಿಸಿದ್ದು, ಮೆಹಂದಿ, ಮನೆಯ ಡೈ, ಎಲ್ಲ ಹೇಳಿ. ಮೆಹಂದಿಯನ್ನು ಬಣ್ಣವೆಂದೇ ಎಣಿಸದೆ ಹೇಳಲು ಮರೆಯುವವರು ಬಹಳ, ಕೆಡುವುದೂ ಅಲ್ಲೇ ಬಹಳ.

ಯಾಕೆಂದರೆ ಶುದ್ಧ ಮೆಹಂದಿ ಕೂದಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬ್ಲೀಚಿಗೆ ಸುಲಭವಾಗಿ ಬಿಡದೆ ಕಿತ್ತಳೆಯಾಗಿ ಉಳಿಯುತ್ತದೆ. ಅದರ ಜೊತೆ ನೀಲಿ ಗಿಡದ, ಅಂದರೆ ಇಂಡಿಗೊ ಪುಡಿ ಇದ್ದರೆ ಬ್ಲೀಚಿನಲ್ಲಿ ಹಸಿರು ಬರಬಹುದು. ಇದಕ್ಕಿಂತ ದೊಡ್ಡ ತೊಂದರೆ ಲೋಹದ ಲವಣ ಬೆರೆಸಿದ ಪುಡಿಗಳದು. ಅಂಥ ಕೂದಲಿಗೆ ಡೈ, ಬ್ಲೀಚುಗಳಲ್ಲಿ ಕಲಸುವ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯೇರಿ, ಕರಗಿದ ಹಾಗೆ ಮುರಿಯಬಹುದು.

ಈಗ ನಿಮ್ಮ ಸರದಿ. "ಇದು ಸಾಧ್ಯವೇ?" ಎಂದು ಕೇಳಬೇಡಿ, "ಸಾಧ್ಯ" ಎಂಬ ಉತ್ತರ ಬಾಯಲ್ಲೇ ಸಿದ್ಧವಿರುತ್ತದೆ. ಕೇಳಬೇಕಾದ್ದು ಹೀಗೆ:

"ಇವತ್ತೇ ಮಾಡಿದರೆ ಎಲ್ಲಿಯವರೆಗೆ ಬರುತ್ತದೆ, ಎಷ್ಟು ಸಲ ಬರಬೇಕು?" ಕೂದಲ ಬಣ್ಣವನ್ನು ಈ ಕಸುಬಿನಲ್ಲಿ 1ರಿಂದ 10ರವರೆಗೆ ಅಳೆಯುತ್ತಾರೆ. 1 ಕಡುಗಪ್ಪು, 10 ತೀರಾ ತಿಳಿ. ಕಪ್ಪಿನಿಂದ ಜೇನುಕಂದಿಗೆ, ಅಂದರೆ 6-7ರ ಆಸುಪಾಸಿಗೆ ಹೋಗಲು ಕೆಂಪು, ಕಿತ್ತಳೆಯ ಘಟ್ಟಗಳನ್ನು ದಾಟಲೇಬೇಕು. ಹಳೆಯ ಡೈ ಇರುವ ಕೂದಲಿಗೆ ತಿಳಿಬಣ್ಣದ ಹೊಸ ಡೈ ಹಚ್ಚಿದರೆ ಹಳೆಯದು ಎದ್ದು ಹೋಗುವುದಿಲ್ಲ. ಅದನ್ನು ಬ್ಲೀಚಿನಿಂದಲೋ ಬಣ್ಣ ತೆಗೆಯುವ ಬೇರೆ ದ್ರವ್ಯದಿಂದಲೋ ಮೊದಲು ಇಳಿಸಬೇಕು. "ಮೇಲೆ ಕಂದು ಡೈ ಹಾಕಿಬಿಡೋಣ" ಎಂದವರ ಕೈಯಲ್ಲಿ ಬುಡದ 5 ಸೆಂಮೀ ಹೊಳೆಯುತ್ತದೆ, ಉಳಿದ 40 ಸೆಂಮೀ ಕಪ್ಪಾಗಿಯೇ ಇರುತ್ತದೆ. "ಎರಡು ಮೂರು ಸಲ ಬರಬೇಕಾಗುತ್ತದೆ, ಮೊದಲ ಸಲ ಕೆಂಪುಗಂದಿಗೆ ನಿಲ್ಲಬಹುದು" ಎಂದವರ ಮಾತು ಕೇಳಲು ಬೇಸರ, ಆದರೆ ನಂಬಬಹುದಾದ್ದು ಅದೇ.

"ಎಷ್ಟು ಶಕ್ತಿಯ ಡೆವಲಪರ್ ಬಳಸುತ್ತೀರಿ, ಯಾಕೆ?" ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್ ಎಂದರೆ 3%, 20 ಎಂದರೆ 6%, 30 ಎಂದರೆ 9%, 40 ಎಂದರೆ 12%. ಸಂಖ್ಯೆ ಏರಿದಂತೆ ವೇಗ ಏರುತ್ತದೆ, ಪೆಟ್ಟೂ ಏರುತ್ತದೆ. ಹದಿನಾರು ಸಲ ಡೈ ಕಂಡ ತುದಿಗೆ "ಬೇಗ ಆಗಲಿ" ಎಂದು 40 ಹಚ್ಚುವವರಿಂದ ದೂರ ಇರಿ. 20ರಲ್ಲಿ ನಿಧಾನವಾಗಿ, ಕಣ್ಣಿಟ್ಟು ಮಾಡುತ್ತೇವೆ ಎಂಬ ಉತ್ತರ ಒಳ್ಳೆಯದು.

"ಬುಡಕ್ಕೆ ಯಾವಾಗ ಹಚ್ಚುತ್ತೀರಿ?" ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಅನುಭವ ಅಡಗುವುದಿಲ್ಲ. ನೆತ್ತಿಯ ಬಿಸಿಗೆ ಬುಡದ ಒಂದು ಒಂದೂವರೆ ಸೆಂಮೀ ಬೇಗ ತಿಳಿಯಾಗುತ್ತದೆ, ಅದರಲ್ಲೂ ಇಲ್ಲಿ ಅದು ಡೈ ಕಾಣದ ಕೂದಲು. ಹಾಗಾಗಿ ಮೊದಲು ನಡುಭಾಗ, ಬುಡ ಕೊನೆಗೆ. ಎಲ್ಲಕ್ಕೂ ಒಟ್ಟಿಗೆ ಹಚ್ಚಿದರೆ ತಲೆಯ ಮೇಲೊಂದು ಹಳದಿ ಟೊಪ್ಪಿ ಇಟ್ಟಂತೆ ಕಾಣುತ್ತದೆ. ಅದನ್ನು ಸರಿಪಡಿಸಲು ಮತ್ತೊಂದು ಸುತ್ತು ರಾಸಾಯನಿಕ.

ನಾಲ್ಕನೆಯ ಹೆಜ್ಜೆ: ಎಳೆ ಪರೀಕ್ಷೆ ಮಾಡಿಸಿ

ಮಾತಿನಲ್ಲಿ ಎಷ್ಟು ಗಟ್ಟಿಗರಾದರೂ ಈ ಕೂದಲಿನ ಒಳಗೇನಿದೆ ಎಂದು ಕಣ್ಣಿಂದ ಹೇಳಲಾರರು. ಆದ್ದರಿಂದ ಇಂಥ ಕೂದಲಿಗೆ ಸ್ಟ್ರ್ಯಾಂಡ್ ಟೆಸ್ಟ್, ಅಂದರೆ ಕೆಲವು ಎಳೆಗಳ ಮೇಲೆ ಮೊದಲು ಮಾಡಿ ನೋಡುವ ಪರೀಕ್ಷೆ, ಬೇಡ ಎಂದವರಲ್ಲಿ ಕೆಲಸ ಮಾಡಿಸಬೇಡಿ.

ಹಿಂಗತ್ತಿನ ಮೇಲ್ಭಾಗದಲ್ಲಿ, ಹೊರಗೆ ಕಾಣದ ಜಾಗದಿಂದ ತೆಳ್ಳನೆಯ ಎಳೆಗಳನ್ನು ಬುಡದ ಹತ್ತಿರ ಕತ್ತರಿಸಿ ತೆಗೆಯಬೇಕು. ಮೂರೂ ಬಗೆಯ ಕೂದಲು ಅದರಲ್ಲಿ ಬರಬೇಕು, ತುದಿಯದಷ್ಟೇ ಆದರೆ ಅರ್ಧ ಕಥೆ. ಲೋಹದ ಅನುಮಾನವಿದ್ದರೆ ಮೊದಲು ಅದಕ್ಕೊಂದು ಪರೀಕ್ಷೆ: ಗಾಜಿನ ಬಟ್ಟಲಲ್ಲಿ ಸುಮಾರು 30 ಮಿಲಿ 6% ಪೆರಾಕ್ಸೈಡಿಗೆ 28% ಅಮೋನಿಯ 20 ಹನಿ ಸೇರಿಸಿ ಎಳೆಯನ್ನು ಅರ್ಧ ಗಂಟೆ ಅದ್ದಿಡುವುದು. ಬಟ್ಟಲು ಬಿಸಿಯಾದರೆ, ನೊರೆ ಎದ್ದರೆ, ಕೆಟ್ಟ ವಾಸನೆ ಬಂದರೆ ಲೋಹವಿದೆ ಎಂದರ್ಥ. ಆ ಕೂದಲಿಗೆ ಬ್ಲೀಚ್ ಇಲ್ಲ, ಬೆಳೆದು ಕತ್ತರಿಸಿಹೋಗುವವರೆಗೆ ಕಾಯಬೇಕು. ಇದು ಗಾಳಿಯಾಡುವ ಸಲೂನಿನಲ್ಲಿ, ಕೈಗವಸು ತೊಟ್ಟು ಅವರು ಮಾಡುವ ಕೆಲಸ. ಮನೆಯಲ್ಲಿ ಪ್ರಯತ್ನಿಸುವುದು ಬೇಡ.

ಏನೂ ಆಗದಿದ್ದರೆ ಇನ್ನೊಂದು ಎಳೆಗೆ, ನಿಮಗೆ ಬಳಸಲಿರುವ ಅದೇ ಬ್ಲೀಚು, ಅದೇ ಡೆವಲಪರ್. ಐದು ಹತ್ತು ನಿಮಿಷಕ್ಕೊಮ್ಮೆ ಒರೆಸಿ ಬಣ್ಣ ನೋಡಿ ಗಂಟೆ ಬರೆದುಕೊಳ್ಳಬೇಕು. ತೊಳೆದ ಮೇಲೆ ಒದ್ದೆ ಕೂದಲೊಂದನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆಯಬೇಕು. ಗಟ್ಟಿ ಇರುವ ಒದ್ದೆ ಕೂದಲು ಅರ್ಧದಷ್ಟು ಉದ್ದ ಹಿಗ್ಗಿ ಮರಳಿ ಮೊದಲಿನ ಹಾಗೆ ಆಗುತ್ತದೆ. ಹಿಗ್ಗಿದ್ದು ಮರಳದೆ ಜೋತುಬಿದ್ದರೆ, ಅಂಟಂಟಾಗಿ ರಬ್ಬರಿನಂತೆ ಎಳೆದುಕೊಂಡರೆ, ಅಷ್ಟು ಬ್ಲೀಚನ್ನು ಅದು ತಾಳದು. ಬುಡದ ಭಾಗ ಸರಿಯಿದ್ದು ತುದಿ ಮಾತ್ರ ಹೀಗಾದರೆ, "ತುದಿಯ ಹತ್ತು ಸೆಂಮೀ ಕತ್ತರಿಸಿ ಮುಂದುವರಿಯೋಣ, ಇಲ್ಲವೇ ಅದನ್ನು ಕಡುಬಣ್ಣದಲ್ಲೇ ಬಿಡೋಣ" ಎಂಬಂಥ ಸಲಹೆ ಬರಬೇಕು.

ಐದನೆಯ ಹೆಜ್ಜೆ: ಚರ್ಮದ ಪರೀಕ್ಷೆಗೆ 48 ಗಂಟೆ

ಎಳೆ ಪರೀಕ್ಷೆ ಕೂದಲಿಗೆ, ಪ್ಯಾಚ್ ಟೆಸ್ಟ್ ಚರ್ಮಕ್ಕೆ. ಒಂದು ಮಾಡಿದರೆ ಇನ್ನೊಂದು ಮಾಡಿದಂತಲ್ಲ. ಬ್ಲೀಚ್ ಮಾಡಿದ ಮೇಲೆ ಕಿತ್ತಳೆಯನ್ನು ಅಡಗಿಸಲು ಹಾಕುವ ಟೋನರ್ ಕೂಡ ಹಲವು ಬಾರಿ ಪೆರಾಕ್ಸೈಡಿನಲ್ಲಿ ಕಲಸುವ ಡೈಯೇ. ಅದರಲ್ಲಿ ಅಲರ್ಜಿ ತರಬಲ್ಲ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಅಥವಾ ಅದರ ಬಳಗದ ವಸ್ತು ಇರಬಹುದು. ಅದನ್ನೇ ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ, ಲೇಬಲ್ ಹೇಳಿದಂತೆ ತುಸು ಹಚ್ಚಿ 48 ಗಂಟೆ ಕಾಯಬೇಕು. ಈ ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವಂಥದ್ದು. ಹತ್ತು ನಿಮಿಷ ಕೈಮೇಲೆ ಇಟ್ಟು "ಏನೂ ಆಗಲಿಲ್ಲವಲ್ಲ" ಎನ್ನುವುದು ಪರೀಕ್ಷೆಯಲ್ಲ. ಮೂರು ವರ್ಷ ಡೈ ಹಚ್ಚಿ ಏನೂ ಆಗಿರದಿದ್ದರೂ ಮಾಡಿಸಬೇಕು, ಏಕೆಂದರೆ ಹಚ್ಚುತ್ತಾ ಹಚ್ಚುತ್ತಾ ಅಲರ್ಜಿ ಹುಟ್ಟಿಕೊಳ್ಳಬಹುದು.

ಅವರು ಕೇಳದಿದ್ದರೂ ಮೂರು ಸಂಗತಿ ನೀವೇ ಹೇಳಿ. ಕೈಮೇಲೆ ಕಪ್ಪು ಮೆಹಂದಿಯ ಹಚ್ಚೆ ಹಾಕಿಸಿದಾಗ ಕೆಂಪೆದ್ದಿತ್ತೇ? ಅದರಲ್ಲಿ ಪಿಪಿಡಿ ಬೆರೆಸುವುದುಂಟು, ಒಮ್ಮೆ ಕೆರಳಿದ ಚರ್ಮ ಮತ್ತೆ ಜೋರಾಗಿ ಕೆರಳುತ್ತದೆ. ಉಬ್ಬಸ ಇದೆಯೇ? ಬ್ಲೀಚ್ ಪುಡಿಯ ಪರ್ಸಲ್ಫೇಟ್ ಕೆಲವರಲ್ಲಿ ಕೂಡಲೇ ಉಸಿರಾಟದ ತೊಂದರೆ ತರಬಲ್ಲದು. ನೆತ್ತಿಯಲ್ಲಿ ಗಾಯ, ಕಜ್ಜಿ ಇದೆಯೇ? ಇದ್ದರೆ ಒಳ್ಳೆಯ ಸಲೂನು ಆ ದಿನ ಕೆಲಸ ಮಾಡುವುದಿಲ್ಲ. ಗಿರಾಕಿಯನ್ನು ವಾಪಸು ಕಳಿಸಬಲ್ಲ ಅಂಗಡಿ ನಂಬಿಕೆಗೆ ಯೋಗ್ಯ.

ಹಣ ಮತ್ತು ಚೀಟಿ

ದರ ಕೇಳುವಾಗ "ಒಟ್ಟು ಎಷ್ಟು?" ಎಂದು ಕೇಳಿ, "ಅದರಲ್ಲಿ ಟೋನರ್, ಉದ್ದಗೂದಲಿನ ಹೆಚ್ಚುವರಿ, ಕೊನೆಯ ಕತ್ತರಿಕೆ, ಒಣಗಿಸುವುದು ಸೇರಿದೆಯೇ?" ಎಂದೂ ಸೇರಿಸಿ. ಎರಡನೆಯ ಭೇಟಿಗೆ ದರ ಬೇರೆಯೇ, ಮಧ್ಯದಲ್ಲಿ ಕೂದಲು ತಾಳದೆ ನಿಲ್ಲಿಸಿದರೆ ಎಷ್ಟು ಕೊಡಬೇಕು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಟೋನರ್ ಕೆಲವು ವಾರಗಳಲ್ಲಿ ಮಾಸಿ ಕಿತ್ತಳೆ ಮತ್ತೆ ಇಣುಕುತ್ತದೆ. ಅದನ್ನು ಮತ್ತೆ ಹಾಕಿಸುವ ಖರ್ಚನ್ನೂ ಮೊದಲೇ ಕೂಡಿಸಿಕೊಂಡರೆ ಈ ಬಣ್ಣ ನಿಮಗೆ ಬೇಕೋ ಬೇಡವೋ ಎಂಬುದು ತೀರ್ಮಾನವಾಗಬಹುದು.

ಕೆಲಸ ಮುಗಿದ ದಿನ ಏಳುವ ಮುನ್ನ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಬ್ಲೀಚು, ಎಷ್ಟು ವಾಲ್ಯೂಮ್, ಎಷ್ಟು ನಿಮಿಷ, ಯಾವ ಟೋನರ್, ದಿನಾಂಕ. "ಅದು ನಮ್ಮ ಗುಟ್ಟು" ಎನ್ನುವವರು ಇದ್ದಾರೆ. ಆದರೆ ಮುಂದೆ ಬೇರೆ ಊರಿನಲ್ಲಿ, ಬೇರೆ ಕುರ್ಚಿಯಲ್ಲಿ ಕೂತಾಗ "ಈ ಕೂದಲಿಗೆ ಏನೇನು ಹಚ್ಚಿದ್ದೀರಿ?" ಎಂದು ಕೇಳುವ ಆ ಒಳ್ಳೆಯ ಸಲೂನಿನವರಿಗೆ ತೋರಿಸಲು ನಿಮ್ಮ ಬಳಿ ಇರುವುದು ಅದೊಂದೇ.